‘ಹ್ಞೂಂ’ಗೆ ನಿಂತಿದ್ದ ಚಾಟ್ ಮತ್ತೆ ಶುರುವಾದದ್ದು

ನನ್ನ ತಮ್ಮ ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ವಾಟ್ಸಾಪ್‌ನಲ್ಲಿ ನಮ್ಮ ಮಾತು ಒಣಗುತ್ತಾ ಬಂತು. “ಊಟ ಆಯ್ತಾ?” “ಹ್ಞೂಂ.” “ಕೆಲಸ ಹೇಗಿದೆ?” “ಪರವಾಗಿಲ್ಲ.” ಅಲ್ಲಿಗೆ ಮುಗೀತು.

ಹಳೆಯ ಚಾಟ್ ತೆಗೆದು ನೋಡಿದೆ. ಅವನು ಉದ್ದಕ್ಕೆ ಬರೆದದ್ದೆಲ್ಲ ಮನೆಯ ಯಾವುದೋ ಸಣ್ಣ ಸುದ್ದಿಗೆ, ವಿಚಾರಣೆಗೆ ಅಲ್ಲ. “ಆಯ್ತಾ” ಅಂತ ಕೇಳಿದರೆ “ಆಯ್ತು” ಅಂದರೆ ಸಾಕು, ಅಲ್ವಾ? ಮುಂದಕ್ಕೆ ಹಿಡಿಯೋಕೆ ಏನೂ ಇರುವುದಿಲ್ಲ.

ಹಾಗಾಗಿ ಮೊದಲು ಮನೆಯ ಸಂಗತಿ ಹೇಳಿ, ಆಮೇಲೆ ಅವನಿಗೆ ಗೊತ್ತಿರುವ ಒಂದನ್ನೇ ಕೇಳಿದೆ. “ಅಮ್ಮನ ಮಿಕ್ಸಿ ಜಾರ್ ತಳದಲ್ಲಿ ಸೋರ್ತಿದೆ. ಹೋದ ಸಲ ನೀನು ಏನು ಬದಲಾಯಿಸಿದ್ದೆ?” ಜೊತೆಗೆ ಜಾರ್‌ನ ಫೋಟೋ.

“ವಾಷರ್ ಹೋಗಿರುತ್ತೆ ಅಕ್ಕ, ಬ್ಲೇಡ್ ಬಿಚ್ಚಿ ನೋಡು. ನಾವೂ ರೂಮಿಗೆ ಮಿಕ್ಸಿ ತಗೊಂಡ್ವಿ, ಚಟ್ನಿ ಮಾತ್ರ ಅಮ್ಮನ ಥರ ಬರಲ್ಲ.”

ಇಲ್ಲಿ ವಾಷರ್ ಬಿಟ್ಟು ಚಟ್ನಿ ಹಿಡಿದೆ. ಅದು ಅವನಾಗೇ ತೆಗೆದ ಮಾತು. “ಹುರಿಗಡಲೆ ಹಾಕ್ತೀರಾ, ಬರೀ ಕಾಯಾ?” ಅಂದೆ. ಅಡುಗೆಯ ಸರದಿ, ರೂಮ್‌ಮೇಟ್ ಜಗಳ ಎಲ್ಲ ಹೊರಗೆ ಬಂತು.

ಆಫೀಸ್ ಹೊತ್ತಿನಲ್ಲಿ ಇದು ನಡೆಯಲ್ಲ, ರಾತ್ರಿ ಊಟದ ನಂತರವೇ ಸರಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮೂರು ಕೇಳಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ಆದರೂ “ಹ್ಞೂಂ” ಬಂದರೆ ಆ ದಿನ ಸುಮ್ನೆ ಬಿಡುತ್ತೇನೆ. “ಯಾಕೆ ಸರಿಯಾಗಿ ಮಾತಾಡಲ್ಲ?” ಅಂತ ಕೇಳುವುದಿಲ್ಲ, ಅದಕ್ಕೆ ಬರುವುದು “ಏನಿಲ್ಲ” ಒಂದೇ. ಮನೆಯ ಗ್ರೂಪಿನಲ್ಲೂ ಅವನು ಮಾತು ನಿಲ್ಲಿಸಿದ್ದರೆ ಮೆಸೇಜ್ ಬಿಟ್ಟು ಫೋನ್ ಮಾಡುತ್ತೇನೆ.