ಗ್ರೂಪ್ ಫೋಟೋಗೆ ಕಟ್ಟು: ಬೆಲೆಯ ಲೆಕ್ಕ ನೀವೇ ಹಾಕಿ

ಕಟ್ಟು ಹಾಕಿಸಲು ಗ್ರೂಪ್ ಫೋಟೋ ತಂದವರು ಮೊದಲು ಕೇಳುವುದು ಒಂದೇ ಮಾತು, ‘ಎಷ್ಟಾಗುತ್ತೆ?’ ನಾನು ಅಳತೆ ತೆಗೆದು, ಕಟ್ಟಿಗೆ ಹಾಕುವ ಪಟ್ಟಿಗಳನ್ನು ತೋರಿಸಿ, ಒಂದು ಮೊತ್ತ ಹೇಳುತ್ತೇನೆ. ಆ ಮೊತ್ತ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಆದರೆ ಇದು ಟೇಪು, ಪೆನ್ಸಿಲ್ಲು ಇದ್ದರೆ ಮನೆಯಲ್ಲೇ ಹಾಕಬಹುದಾದ ಲೆಕ್ಕ. ಹಾಕಿಕೊಂಡು ಬಂದವರಿಗೆ ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದೂ ತಿಳಿದಿರುತ್ತದೆ.

ಹೋದ ತಿಂಗಳು ಹಳ್ಳಿಯ ಹೈಸ್ಕೂಲಿನ ಮೇಷ್ಟ್ರೊಬ್ಬರು ಹತ್ತನೇ ತರಗತಿಯ ಗ್ರೂಪ್ ಫೋಟೋ ತಂದಿದ್ದರು. ಅಗಲ 18 ಇಂಚು, ಎತ್ತರ 12 ಇಂಚು. ಮಕ್ಕಳು ಮೂರು ಸಾಲು, ಕುರ್ಚಿಗಳ ಮೇಲೆ ಶಿಕ್ಷಕರು, ಕೆಳಗಿನ ಬಿಳಿ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಎಲ್ಲರ ಹೆಸರು. ಅದೇ ಫೋಟೋ ಇಟ್ಟುಕೊಂಡು ಲೆಕ್ಕ ನೋಡೋಣ. ಇಲ್ಲಿ ಹೇಳುವ ದರಗಳು ಉದಾಹರಣೆಗಷ್ಟೆ. ಊರಿನಿಂದ ಊರಿಗೆ, ಪಟ್ಟಿಯಿಂದ ಪಟ್ಟಿಗೆ ಅವು ಬದಲಾಗುತ್ತವೆ. ನಿಮ್ಮ ಅಂಗಡಿಯ ದರ ಕೇಳಿ ಆ ಜಾಗಕ್ಕೆ ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲು ಹೆಸರಿನ ಸಾಲು ನೋಡಿ

ಟೇಪು ಹಿಡಿಯುವ ಮೊದಲು ಫೋಟೋದ ಕೆಳಗಿನ ಅಂಚನ್ನು ನೋಡಿ. ಯಾವುದೇ ಕಟ್ಟಿನ ಪಟ್ಟಿಗೆ ಒಳಬದಿಯಲ್ಲಿ ಒಂದು ತುಟಿ ಇರುತ್ತದೆ, ಗಾಜು ಅದರ ಹಿಂದೆ ಕೂರುತ್ತದೆ. ಆ ತುಟಿ ನಾಲ್ಕೂ ಕಡೆ ಸುಮಾರು ಕಾಲು ಇಂಚು ಮುಚ್ಚಿಬಿಡುತ್ತದೆ. ಫೋಟೋ ಸುತ್ತ ಮೌಂಟ್ ಬೋರ್ಡ್ ಹಾಕಿದರೆ, ಆ ಬೋರ್ಡಿನಲ್ಲಿ ಕತ್ತರಿಸುವ ಕಿಟಕಿ ಫೋಟೋ ಅಂಚನ್ನು ಅಷ್ಟೇ ಮುಚ್ಚುತ್ತದೆ. ಬೇರೆ ಫೋಟೋಗಳಲ್ಲಿ ಅಲ್ಲಿ ಇರುವುದು ಆಕಾಶವೋ ಗೋಡೆಯೋ, ಹೋದರೆ ಹೋಯಿತು. ಗ್ರೂಪ್ ಫೋಟೋದಲ್ಲಿ ಅಲ್ಲಿ ಹೆಸರುಗಳಿರುತ್ತವೆ. ಕೆಲಸ ಕಲಿತ ಹೊಸದರಲ್ಲಿ ನಾನು ಕಟ್ಟು ಹಾಕಿದ ಒಂದು ಫೋಟೋದಲ್ಲಿ ಕೊನೆಯ ಸಾಲಿನ ಹೆಸರುಗಳೆಲ್ಲ ತಲೆಕಟ್ಟು ಮಾತ್ರ ಕಾಣುವಂತೆ ಪಟ್ಟಿಯೊಳಗೆ ಸೇರಿಹೋಗಿದ್ದವು. ಎಲ್ಲ ಬಿಚ್ಚಿ ಮತ್ತೆ ಮಾಡಿಕೊಟ್ಟೆ. ಅಂದಿನಿಂದ ಹೆಸರಿನ ಸಾಲಿಗೂ ಅಂಚಿಗೂ ನಡುವೆ ಎಷ್ಟು ಜಾಗ ಇದೆ ಎಂದು ನೋಡದೆ ನಾನು ಬೆಲೆ ಹೇಳುವುದಿಲ್ಲ.

ಮೇಷ್ಟ್ರ ಫೋಟೋದಲ್ಲಿ ಅರ್ಧ ಇಂಚು ಜಾಗವಿತ್ತು. ಕಾಲು ಇಂಚು ಮುಚ್ಚಿದರೂ ತೊಂದರೆಯಿಲ್ಲ. ಜಾಗವೇ ಇಲ್ಲದಿದ್ದರೆ ಕಿಟಕಿಯನ್ನು ಫೋಟೋಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಫೋಟೋದ ಅಂಚು ಪೂರ್ತಿ ಕಾಣುವಂತೆ ಕೂರಿಸಬೇಕು. ಅದನ್ನು ಮೊದಲೇ ಹೇಳಬೇಕು.

ಫೋಟೋ ಅಳತೆ ಬೇರೆ, ಗಾಜಿನ ಅಳತೆ ಬೇರೆ

ಲೆಕ್ಕ ತಪ್ಪುವುದು ಬಹುಪಾಲು ಇಲ್ಲೇ. ಹನ್ನೆರಡು–ಹದಿನೆಂಟರ ಫೋಟೋ ಎಂದ ಕೂಡಲೇ ಅದೇ ಅಳತೆಯಲ್ಲಿ ಗುಣಿಸಲು ಶುರು ಮಾಡುತ್ತಾರೆ. ಆದರೆ ಬೆಲೆ ನಿಲ್ಲುವುದು ಗಾಜಿನ ಅಳತೆಯ ಮೇಲೆ.

ನಮ್ಮ ಫೋಟೋದಲ್ಲಿ ನಾಲ್ಕೂ ಕಡೆ ಕಾಲು ಇಂಚು ಮುಚ್ಚಿದ ಮೇಲೆ ಕಿಟಕಿಯಲ್ಲಿ ಕಾಣುವುದು 17½ ಇಂಚು ಅಗಲ, 11½ ಇಂಚು ಎತ್ತರ. ಮೌಂಟ್ ಮೂರು ಕಡೆ 2 ಇಂಚು, ಕೆಳಗೆ 2½ ಇಂಚು ಕಾಣಲಿ ಅಂದುಕೊಳ್ಳೋಣ. ಕೆಳಗೆ ಅರ್ಧ ಇಂಚು ಹೆಚ್ಚು ಬಿಡದಿದ್ದರೆ ಫೋಟೋ ಕೆಳಗೆ ಜಾರಿದಂತೆ ಕಣ್ಣಿಗೆ ಕಾಣುತ್ತದೆ. ಈಗ ಅಗಲ 21½, ಎತ್ತರ 16 ಆಯಿತು. ಪಟ್ಟಿಯ ತುಟಿಯೊಳಗೆ ಹೋಗುವ ಕಾಲು ಕಾಲು ಇಂಚನ್ನು ಎರಡೂ ಕಡೆ ಸೇರಿಸಿದರೆ 22 ಮತ್ತು 16½. ಗಾಜು, ಮೌಂಟ್, ಹಿಂಬದಿಯ ರಟ್ಟು, ಮೂರಕ್ಕೂ ಇದೇ ಅಳತೆ.

ಪಟ್ಟಿಯ ಅಡಿ ಲೆಕ್ಕ

ಗಾಜಿನ ಸುತ್ತಳತೆ ತೆಗೆಯಿರಿ: 22 ಮತ್ತು 16½ ಕೂಡಿದರೆ 38½, ಅದರ ಎರಡರಷ್ಟು 77 ಇಂಚು. ಇಷ್ಟು ಪಟ್ಟಿ ಸಾಲುವುದಿಲ್ಲ. ಮೂಲೆಗಳನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ಯುವುದರಿಂದ ಪ್ರತಿ ತುಂಡಿನ ಹೊರ ಅಂಚು ಒಳ ಅಂಚಿಗಿಂತ ಉದ್ದ. ಪ್ರತಿ ತುಂಡಿಗೆ ಎರಡು ತುದಿ, ಒಟ್ಟು ಎಂಟು ತುದಿ. ಪ್ರತಿ ತುದಿಗೂ ಪಟ್ಟಿಯ ಅಗಲದಷ್ಟು ಸೇರಿಸಬೇಕು. ಮೇಷ್ಟ್ರು ಆರಿಸಿದ್ದು ಒಂದೂವರೆ ಇಂಚು ಅಗಲದ ಕಂದು ಪಟ್ಟಿ. ಎಂಟು ಒಂದೂವರೆ ಅಂದರೆ 12 ಇಂಚು. ತುಟಿಯ ಭಾಗ ಇದರಲ್ಲಿ ಎರಡು ಸಲ ಸೇರುವುದರಿಂದ ಉಳಿಯುವ ಒಂದೆರಡು ಇಂಚು ಗರಗಸದ ಬಾಯಿಗೆ ಹೋಗುತ್ತದೆ. ಒಟ್ಟು 89 ಇಂಚು, 12ರಿಂದ ಭಾಗಿಸಿದರೆ 7 ಅಡಿ 5 ಇಂಚು. ಏಳೂವರೆ ಅಡಿ ಎಂದು ಹಿಡಿಯೋಣ. ಅಡಿಗೆ 60 ರೂಪಾಯಿಯಾದರೆ 450 ರೂಪಾಯಿ.

ಅಗಲವಾದ ಪಟ್ಟಿ ಆರಿಸುವವರು ಇದನ್ನು ಗಮನಿಸಬೇಕು. ಮೂರಿಂಚಿನ ಪಟ್ಟಿಗೆ ಅಡಿಯ ದರವೂ ಜಾಸ್ತಿ, ಮೂಲೆಗಳಿಗೇ 24 ಇಂಚು ಬೇಕು. ಅದೇ ಫೋಟೋಗೆ ಒಂದು ಅಡಿ ಪಟ್ಟಿ ಹೆಚ್ಚು ಹೋಗುತ್ತದೆ.

ಅಂಗಡಿಗೆ ಬರುವ ಫೈಬರ್ ಪಟ್ಟಿ ಸಾಮಾನ್ಯವಾಗಿ ಒಂಬತ್ತೂವರೆ ಅಡಿ ಉದ್ದ. ಏಳೂವರೆ ಅಡಿ ಒಂದೇ ಪಟ್ಟಿಯಲ್ಲಿ ಬರುತ್ತದೆ, ಆದರೆ ಉಳಿದ ಎರಡಡಿ ತುಂಡಿನಲ್ಲಿ ಚಿಕ್ಕ ಕಟ್ಟು ಬಿಟ್ಟರೆ ಬೇರೇನೂ ಆಗದು. ಆದ್ದರಿಂದ ಕೆಲವರು ಪೂರ್ಣ ಅಡಿಗೆ ಏರಿಸಿ ಎಂಟಡಿ ಎಂದು ಬರೆಯುತ್ತಾರೆ. ನಿಮ್ಮ ಅಂಗಡಿಯ ಪದ್ಧತಿ ಏನೆಂದು ಮೊದಲೇ ಕೇಳಿಕೊಳ್ಳಿ.

ಗಾಜು, ಮೌಂಟ್, ರಟ್ಟು: ಚದರ ಅಡಿ

22ನ್ನು 16½ರಿಂದ ಗುಣಿಸಿದರೆ 363 ಚದರ ಇಂಚು. ಒಂದು ಚದರ ಅಡಿಗೆ 144 ಚದರ ಇಂಚು, ಹಾಗಾಗಿ ಎರಡೂವರೆ ಚದರ ಅಡಿ ಆಗುತ್ತದೆ. ಆದರೆ ಬಿಲ್ಲಿನಲ್ಲಿ ಮೂರು ಎಂದಿರಬಹುದು. ಗಾಜಿನ ವ್ಯಾಪಾರದಲ್ಲಿ ಅಳತೆಯನ್ನು ಮುಂದಿನ ಮೂರಿಂಚಿಗೆ ಏರಿಸಿ ಹಿಡಿಯುವ ರೂಢಿ ಹಲವು ಕಡೆ ಇದೆ. 22 ಇದ್ದದ್ದು 24 ಆಗುತ್ತದೆ, 16½ ಇದ್ದದ್ದು 18 ಆಗುತ್ತದೆ, ಅಲ್ಲಿಗೆ ಸರಿಯಾಗಿ 3 ಚದರ ಅಡಿ. ನಮ್ಮಲ್ಲಿ ಮೌಂಟಿಗೂ ರಟ್ಟಿಗೂ ಹಾಗೇ ಹಿಡಿಯುತ್ತೇವೆ.

ಚದರ ಅಡಿಗೆ ಗಾಜು 50 ರೂಪಾಯಿಯಾದರೆ 150. ಮೌಂಟ್ 80ರಂತೆ 240. ರಟ್ಟು 30ರಂತೆ 90. ಮೌಂಟಿನ ನಡುವಿನ ಕಿಟಕಿ ತುಂಡು ಕತ್ತರಿಸಿ ತೆಗೆದರೂ ಅದರ ಬೆಲೆ ಕಳೆಯುವುದಿಲ್ಲ, ಹಾಳೆ ಪೂರ್ತಿ ಬೇಕಾಗಿಯೇ ಇತ್ತು. ಕೂಲಿ, ಮೊಳೆ, ಹಿಂದಿನ ಟೇಪು, ನೇತುಹಾಕುವ ಕೊಕ್ಕೆ ಸೇರಿ 150. ಪಟ್ಟಿಯ 450 ಸೇರಿಸಿ ಕೂಡಿದರೆ ಒಟ್ಟು 1,080 ರೂಪಾಯಿ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಚೀಟಿ ನೋಡಿದರು. ‘ಏನಪ್ಪಾ, ಈ ಮೌಂಟ್ ಬಿಟ್ಟರೆ 240 ಉಳಿಯುತ್ತಲ್ಲ?’ ಅಂದರು.

‘240 ಅಲ್ಲ ಮೇಷ್ಟ್ರೇ, 450 ಉಳಿಯುತ್ತೆ’ ಅಂದೆ.

ಮೌಂಟ್ ತೆಗೆದರೆ ಗಾಜು 18–12ಕ್ಕೆ ಇಳಿಯುತ್ತದೆ. ಪಟ್ಟಿ ಆರಡಿ ಸಾಕು, 360 ರೂಪಾಯಿ. ಗಾಜು ಒಂದೂವರೆ ಚದರ ಅಡಿ, 75. ರಟ್ಟು 45. ಕೂಲಿ ಅಷ್ಟೇ ಹಿಡಿದರೂ ಒಟ್ಟು 630. ಮೌಂಟ್ ತನ್ನ ಬೆಲೆಯ ಜೊತೆಗೆ ಉಳಿದ ಮೂರನ್ನೂ ಹಿಗ್ಗಿಸುತ್ತದೆ.

ಹಾಗಿದ್ದರೂ ಅದನ್ನು ಬಿಡಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಫೋಟೋ ಕಾಗದದ ಮೇಲಿನ ಪದರ ತೇವ ಕುಡಿದರೆ ಮೆತ್ತಗಾಗುತ್ತದೆ. ಗಾಜಿಗೆ ತಾಗಿಕೊಂಡಿದ್ದರೆ ಮಲೆನಾಡು, ಕರಾವಳಿಯ ಒಂದೆರಡು ಮಳೆಗಾಲದಲ್ಲೇ ಅಲ್ಲಲ್ಲಿ ಅಂಟಿಕೊಂಡು ಹೊಳೆಯುವ ಕಲೆ ಬೀಳಬಹುದು. ಆಮೇಲೆ ಬಿಡಿಸಹೋದರೆ ಮುಖದ ಭಾಗವೇ ಗಾಜಿನ ಜೊತೆ ಬರುತ್ತದೆ. ಗ್ರೂಪ್ ಫೋಟೋದಲ್ಲಿ ಒಂದು ಮುಖ ಎಂದರೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಒಂದು ಕಲೆಗೆ ಒಬ್ಬ ಹುಡುಗ ಅಳಿಸಿಹೋಗುತ್ತಾನೆ. ಮೌಂಟಿನ ದಪ್ಪ ಫೋಟೋ ಮತ್ತು ಗಾಜಿನ ನಡುವೆ ಗಾಳಿಗೆ ಜಾಗ ಕೊಡುತ್ತದೆ. ದುಡ್ಡು ನಿಜಕ್ಕೂ ಹೊಂದದಿದ್ದರೆ, ತುಟಿಯ ಹಿಂದೆ ಅಡಗುವಂತೆ ಗಾಜಿನ ಅಂಚಿಗೆ ತೆಳು ಪಟ್ಟಿ ಅಂಟಿಸಿ ಆ ಅಂತರ ಕೊಡಲು ಕೇಳಿ.

ಮೂರಿಂಚಿನ ಮೆಟ್ಟಿಲು

ಅಳತೆ ಮೂರಿಂಚಿನ ಮೆಟ್ಟಿಲಿನಲ್ಲಿ ಏರುವುದು ಗೊತ್ತಾದರೆ ಅದನ್ನು ನಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಮೌಂಟ್ ಎಲ್ಲ ಕಡೆ ಒಂದೂವರೆ ಇಂಚು ಕಾಣುವಂತೆ ಇಳಿಸಿದರೆ ಗಾಜು ಸರಿಯಾಗಿ 21–15 ಆಗುತ್ತದೆ, ಏರಿಸುವ ಮಾತೇ ಇಲ್ಲ. ಸುಮಾರು 2.19 ಚದರ ಅಡಿ, ಮೂರೂ ಸೇರಿ 350 ರೂಪಾಯಿ. ಪಟ್ಟಿ ಏಳಡಿ, 420. ಕೂಲಿ ಸೇರಿ ಒಟ್ಟು 920. ಮೌಂಟ್ ಉಳಿಯಿತು, 160 ರೂಪಾಯಿಯೂ ಉಳಿಯಿತು.

ಮೇಲಕ್ಕೂ ಹೋಗಬಹುದು. ಹೇಗೂ 24–18ರ ದುಡ್ಡು ಕೊಡುತ್ತಿದ್ದೇವೆ ಎಂದಾದರೆ ಅಷ್ಟನ್ನೂ ಬಳಸಿಕೊಳ್ಳೋಣ. ಎಡಬಲ 3 ಇಂಚು, ಮೇಲೆ 2¾, ಕೆಳಗೆ 3¼ ಮೌಂಟ್ ಬಿಡಬಹುದು. ಗಾಜು, ಮೌಂಟ್, ರಟ್ಟಿನ ಬೆಲೆಯಲ್ಲಿ ಒಂದು ಪೈಸೆ ಹೆಚ್ಚಾಗುವುದಿಲ್ಲ. ಪಟ್ಟಿ ಮಾತ್ರ ಎಂಟಡಿ, 480 ರೂಪಾಯಿ. ಒಟ್ಟು 1,110. ಕಟ್ಟು ನೋಡಲು ಎಷ್ಟೋ ಗಂಭೀರವಾಗಿರುತ್ತದೆ, ಖರ್ಚು ಹೆಚ್ಚಾಗಿದ್ದು ಮೂವತ್ತೇ ರೂಪಾಯಿ. ಸ್ಟಾಫ್ ರೂಮಿನ ಗೋಡೆ ದೊಡ್ಡದು ಎಂದು ಮೇಷ್ಟ್ರು ಇದನ್ನೇ ಒಪ್ಪಿದರು.

ಯಾವ ಗಾಜು, ಯಾವ ಮೌಂಟ್

ಈ ಅಳತೆಗೆ 2 ಮಿಲಿಮೀಟರ್ ಸಾದಾ ಗಾಜು ಸಾಕು. ದೊಡ್ಡ ಕಟ್ಟಿಗೆ 3 ಮಿಲಿಮೀಟರ್ ಬೇಕು, ಆಗ ಗಾಜಿನ ತೂಕ ಒಂದೂವರೆ ಪಟ್ಟು ಆಗುತ್ತದೆ, ಪಟ್ಟಿಯೂ ಕೊಕ್ಕೆಯೂ ಅದನ್ನು ಹೊರುವಂತಿರಬೇಕು. ಹೊಳಪು ಬರಬಾರದೆಂದು ಮಬ್ಬು ಗಾಜು ಕೇಳುವವರಿದ್ದಾರೆ. ಅದರ ಬೆಲೆ ಹೆಚ್ಚು, ಗ್ರೂಪ್ ಫೋಟೋಗೆ ಅದು ಹೊಂದುವುದೂ ಇಲ್ಲ. ಫೋಟೋಗೆ ಅಂಟಿದಂತೆ ಇಟ್ಟಾಗ ಅದರಲ್ಲಿ ಎಲ್ಲ ಸ್ಪಷ್ಟ. ಮೌಂಟಿನಷ್ಟು ಎತ್ತಿ ಹಿಡಿದರೆ ಸಣ್ಣ ಮುಖಗಳೂ ಹೆಸರುಗಳೂ ಮಸುಕಾಗುತ್ತವೆ. ಎರಡು ಮೌಂಟ್ ಹಾಕಿಸಿದರೆ ಇನ್ನೂ ಮಸುಕು. ಅಂಗಡಿಯಲ್ಲೇ ಒಂದು ತುಂಡು ಗಾಜು ಕೇಳಿ ಪಡೆದು, ನಿಮ್ಮ ಫೋಟೋದ ಮೇಲೆ ಹಿಡಿದು ನೋಡಿ.

ಮೌಂಟ್ ಹಾಳೆಯ ಕತ್ತರಿಸಿದ ಅಂಚನ್ನು ನೋಡಿ. ಒಳಗಿನ ತಿರುಳು ಶುರುವಿಗೇ ಹಳದಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಆಮ್ಲವಿರುವ ಅಗ್ಗದ ಹಾಳೆ. ಕೆಲವು ವರ್ಷಗಳಲ್ಲಿ ಕಿಟಕಿಯ ಸುತ್ತ ಫೋಟೋ ಮೇಲೂ ಕಂದು ಗೆರೆ ಬಿಡುತ್ತದೆ. ಆಮ್ಲರಹಿತ ಹಾಳೆಗೆ ದರ ಹೆಚ್ಚು, ಮತ್ತೆ ತೆಗೆಸಲಾಗದ ಹಳೆಯ ಫೋಟೋಗೆ ಅದನ್ನೇ ಹಾಕಿಸಿ. ಫೋಟೋವನ್ನು ರಟ್ಟಿಗೆ ಪೂರ್ತಿ ಅಂಟಿಸಬೇಡಿ ಎಂದೂ ಹೇಳಿ. ಮೇಲಿನ ಅಂಚಿನಲ್ಲಿ ಎರಡು ಕಡೆ ಕಾಗದದ ಟೇಪಿನಿಂದ ತೂಗುಬಿಟ್ಟರೆ ಸಾಕು, ತೇವಕ್ಕೆ ಹಿಗ್ಗಿ ಕುಗ್ಗಲು ಜಾಗವಿರುತ್ತದೆ.

ಕಟ್ಟು ಕೈಗೆ ಬಂದಾಗ ನಾಲ್ಕು ಮೂಲೆಗಳ ಮೇಲೆ ಉಗುರು ಆಡಿಸಿ, ಸಂದಿಗೆ ಸಿಕ್ಕರೆ ಅಲ್ಲೇ ತೋರಿಸಿ. ಆಮೇಲೆ ಹೆಸರಿನ ಸಾಲನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿ. ಮೇಷ್ಟ್ರು ಜೋರಾಗಿಯೇ ಓದಿದರು, ಮೂರು ಸಾಲೂ. ಮುಗಿದ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟೆ.