ಕೂತು ಒದೆಯುವ ಒಂದು ಕಿಕ್, 27 ಫ್ರೇಮ್

ಬಿಡುವಿನ ವೇಳೆಯಲ್ಲಿ ಗೊಡೋ ಎಂಜಿನ್‌ನಲ್ಲಿ ಟು-ಡಿ ಫೈಟಿಂಗ್ ಗೇಮ್ ಒಂದನ್ನು ಮಾಡುತ್ತಿದ್ದೇನೆ. ಅದರಲ್ಲಿ ನನ್ನ ತಲೆ ಜಾಸ್ತಿ ತಿಂದದ್ದು ಕೂತಲ್ಲಿಂದ ಕಾಲು ಚಾಚಿ ಒದೆಯುವ ಮಾಮೂಲಿ ಮೀಡಿಯಂ ಕಿಕ್. ಆಟಗಾರರು ಅತಿ ಹೆಚ್ಚು ಸಲ ಒತ್ತುವುದೇ ಇಂಥ ಬಟನ್. ಇದು ಹದ ತಪ್ಪಿದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಆಟ ಬೇಜಾರು ಹಿಡಿಸುತ್ತದೆ.

ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಸಮಯವನ್ನು ಸೆಕೆಂಡಿನಲ್ಲಿ ಅಳೆಯದೆ ಫ್ರೇಮ್ ಎಣಿಸುತ್ತೇನೆ. ಮೊದಲು ಬರೆದುಕೊಂಡ ಲೆಕ್ಕ ಹೀಗಿತ್ತು: ಕಾಲು ಹೊರಡುವ ಸ್ಟಾರ್ಟಪ್ 6 ಫ್ರೇಮ್, ಏಟು ತಗಲಬಲ್ಲ ಆಕ್ಟಿವ್ 3, ಕಾಲು ವಾಪಸ್ ಬರುವ ರಿಕವರಿ 15. ಒಟ್ಟು 24. ಅಂದರೆ ಏಟು ಬೀಳುವುದು 7ನೇ ಫ್ರೇಮಿನಲ್ಲಿ. (ಕೆಲವು ಆಟಗಳ ಪಟ್ಟಿಯಲ್ಲಿ ಇದನ್ನೇ ಸ್ಟಾರ್ಟಪ್ 7 ಅಂತ ಬರೆಯುತ್ತಾರೆ. ಬೇರೆ ಆಟದ ಅಂಕಿ ನೋಡಿ ಹೋಲಿಸುವಾಗ ಈ ಒಂದು ಫ್ರೇಮ್ ನೆನಪಿರಲಿ.)

ಎದುರಾಳಿ ಬ್ಲಾಕ್ ಮಾಡಿದ ಅಂದುಕೊಳ್ಳಿ. ಮೊದಲ ಆಕ್ಟಿವ್ ಫ್ರೇಮಿಗೇ ತಗಲಿದರೆ ನನಗೆ ಇನ್ನೂ 2 ಆಕ್ಟಿವ್, 15 ರಿಕವರಿ, ಒಟ್ಟು 17 ಫ್ರೇಮ್ ಬಾಕಿ. ಬ್ಲಾಕ್ ಮಾಡಿದವನು ಏನೂ ಮಾಡಲಾಗದೆ ಸಿಕ್ಕಿಕೊಳ್ಳುವ ಸಮಯ, ಅಂದರೆ ಬ್ಲಾಕ್‌ಸ್ಟನ್, 14. ಹಾಗಾಗಿ ಅವನು ನನಗಿಂತ 3 ಫ್ರೇಮ್ ಮೊದಲೇ ಬಿಡುಗಡೆಯಾಗುತ್ತಾನೆ, ಅಂದರೆ ನನಗೆ ಮೈನಸ್ 3. ಸ್ಟ್ರೀಟ್ ಫೈಟರ್ 6ರ ಹಾಗೆ ನನ್ನ ಆಟದಲ್ಲೂ ಅತಿ ಬೇಗದ ಗುದ್ದಾದ ಜ್ಯಾಬ್ 4ನೇ ಫ್ರೇಮಿಗೆ ತಗಲುತ್ತದೆ. ಅಷ್ಟರಲ್ಲಿ ನಾನು ಬ್ಲಾಕ್ ಮಾಡಬಹುದು. ಮೈನಸ್ 4 ಆಗಿದ್ದರೆ ಏಟು ಖಂಡಿತ. ಬ್ಲಾಕ್ ಆಗದೆ ತಗಲಿದರೆ ಏಟು ತಿಂದವನು ಸಿಕ್ಕಿಕೊಳ್ಳುವ ಸಮಯ, ಅಂದರೆ ಹಿಟ್‌ಸ್ಟನ್, 19, ನನಗೆ ಪ್ಲಸ್ 2. ಕೊನೆಯ ಆಕ್ಟಿವ್ ಫ್ರೇಮಿಗೆ ತಗಲಿದರೆ ಇನ್ನೆರಡು ಫ್ರೇಮ್ ಸೇರಿ ಪ್ಲಸ್ 4, ಆಗ ಹಿಂದೆಯೇ ಜ್ಯಾಬ್ ಕೂಡ ಸಿಗುತ್ತದೆ. ಬಿದ್ದವನು ಏಳುವ ಹೊತ್ತಿಗೆ ಲೆಕ್ಕ ಹಾಕಿ ಒದೆಯುವವನಿಗೆ ಇದು ಬಹುಮಾನ.

ಕಾಗದದ ಮೇಲೆ ಎಲ್ಲ ಸರಿ. ಆಡಿಸಿ ನೋಡಿದಾಗ ಗೆಳೆಯರು ದೂರದಲ್ಲಿ ನಿಂತು ಸುಮ್ನೆ ಗಾಳಿಗೆ ಒದೆಯುತ್ತಲೇ ಇದ್ದರು. ಕಾರಣ ಸರಳ. ಕಣ್ಣಿಗೆ ಕಂಡು ಕೈ ಬಟನ್ ಒತ್ತಲು ಸುಮಾರು 15 ಫ್ರೇಮ್ ಬೇಕು. 7ನೇ ಫ್ರೇಮಿಗೆ ತಗಲುವ ಏಟಿನಿಂದ ಶಿಕ್ಷೆ ಕೊಡಲು ಹೊರಟರೂ 22ನೇ ಫ್ರೇಮ್ ಆಗಿಬಿಡುತ್ತದೆ. ಕಿಕ್ ಮುಗಿಯುವುದು 24ಕ್ಕೆ. ಮೊದಲ ಫ್ರೇಮಿಗೇ ಕಾಲು ಕಂಡರೆ ಮಾತ್ರ ಈ ಲೆಕ್ಕ. ಕಾಯುತ್ತಾ ಕೂತವನಿಗೂ ಕಷ್ಟ, ಅಲ್ವಾ?

ರಿಕವರಿಯನ್ನು 18 ಮಾಡಿದೆ, ಒಟ್ಟು 27 ಆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಬ್ಲಾಕ್ ಆದಾಗ ಮೈನಸ್ 6, ಹತ್ತಿರದಲ್ಲಿ ಯಾರೂ ಈ ಬಟನ್ ಮುಟ್ಟುತ್ತಿರಲಿಲ್ಲ. ಅದಕ್ಕೇ ಬ್ಲಾಕ್‌ಸ್ಟನ್ 17, ಹಿಟ್‌ಸ್ಟನ್ 22 ಮಾಡಿದೆ. ತಗಲಿದಾಗ, ಬ್ಲಾಕ್ ಆದಾಗ ಹಳೆಯ ಅಂಕಿಗಳೇ. ಗಾಳಿಗೆ ಒದ್ದಾಗ ಮಾತ್ರ 3 ಫ್ರೇಮ್ ದಂಡ. ರಿಕವರಿ ಗಾಳಿಗೆ ಒದ್ದವನ ಬೆಲೆ, ಸ್ಟನ್ ತಗಲಿಸಿದವನ ಲಾಭ. ಎರಡನ್ನೂ ಬೇರೆ ಬೇರೆ ತಿರುಗಿಸಬಹುದು.

ಒಂದು ಅಡ್ಡ ಪರಿಣಾಮವೂ ಇತ್ತು. ಈ ಕಿಕ್ಕನ್ನು ಫೈರ್‌ಬಾಲ್‌ಗೆ ಕ್ಯಾನ್ಸಲ್ ಮಾಡಬಹುದು, ಅಂದರೆ ತಗಲಿದ ಕೂಡಲೇ ಅರ್ಧಕ್ಕೇ ಬಿಟ್ಟು ಫೈರ್‌ಬಾಲ್ ಎಸೆಯಬಹುದು, ಆಗ ರಿಕವರಿ ಲೆಕ್ಕಕ್ಕೇ ಬರುವುದಿಲ್ಲ. ಹತ್ತಿರದಲ್ಲಿ ಫೈರ್‌ಬಾಲ್ ಕಿಕ್ ತಗಲಿದ ಮೇಲೆ 16ನೇ ಫ್ರೇಮಿಗೆ ತಗಲುತ್ತಿತ್ತು. ಬ್ಲಾಕ್‌ಸ್ಟನ್ 14 ಇದ್ದಾಗ ನಡುವೆ ಒಂದು ಫ್ರೇಮ್ ಸಂದು ಸಿಗುತ್ತಿತ್ತು, ಸ್ಟನ್ ಮುಗಿದ ಕೂಡಲೇ ತಿರುಗಿ ಹೊಡೆಯುವ, ಏಟು ತಾಗದ ರಿವರ್ಸಲ್ ಇದ್ದವನು ಅಲ್ಲಿ ನುಗ್ಗುತ್ತಿದ್ದ. 17 ಆದಮೇಲೆ ಆ ಸಂದು ಮುಚ್ಚಿಹೋಯಿತು. ಫೈರ್‌ಬಾಲನ್ನೂ 19ಕ್ಕೆ ತಳ್ಳಿ ಅದನ್ನು ಮತ್ತೆ ತೆರೆದೆ.

ದಂಡ ಅನ್ನುವುದು ಫ್ರೇಮಿನಲ್ಲಿ ಮಾತ್ರ ಇದ್ದರೆ ಸಾಲದು, ಬಾಕ್ಸ್‌ನಲ್ಲೂ ಇರಬೇಕು. ಹಿಟ್‌ಬಾಕ್ಸ್ ಏಟು ಕೊಡುವ ಚೌಕ, ಹರ್ಟ್‌ಬಾಕ್ಸ್ ಏಟು ತಿನ್ನುವ ಚೌಕ. ಚಾಚಿದ ಕಾಲಿಗೆ 64 ಪಿಕ್ಸೆಲ್ ಅಗಲದ ಹಿಟ್‌ಬಾಕ್ಸ್ ಕೊಟ್ಟೆ, ಅದೇ ಜಾಗದಿಂದ ಶುರುವಾಗುವ ಹರ್ಟ್‌ಬಾಕ್ಸ್ 60. ಪಾದದ ತುದಿಯ ಆ 4 ಪಿಕ್ಸೆಲ್ ಏಟು ಕೊಡುತ್ತದೆ, ತಿನ್ನುವುದಿಲ್ಲ. ಸರಿಯಾದ ದೂರ ಹಿಡಿದವನಿಗೆ ಅಷ್ಟು ಲಾಭ. ಹಿಟ್‌ಬಾಕ್ಸ್ 9ನೇ ಫ್ರೇಮ್ ಮುಗಿದ ಕೂಡಲೇ ಮಾಯ. ಕಾಲಿನ ಹರ್ಟ್‌ಬಾಕ್ಸ್ ಮಾತ್ರ 6ನೇ ಫ್ರೇಮಿಗೇ ಬಂದು 21ರವರೆಗೆ ಇರುತ್ತದೆ. ಅದನ್ನೂ 9ಕ್ಕೇ ತೆಗೆದರೆ ಚಿತ್ರದಲ್ಲಿ ಕಾಲು ಚಾಚಿಯೇ ಇರುತ್ತದೆ, ಎದುರಾಳಿಯ ಏಟು ಮಾತ್ರ ಅದರೊಳಗೆ ತೂರಿ ಹೋಗುತ್ತದೆ. ಆಟಗಾರ ಅದನ್ನು ಮೋಸ ಅಂತಲೇ ಓದುತ್ತಾನೆ.

ಚೌಕ ತಗಲಿತೇ ಎಂದು ನೋಡಲು ಗೊಡೋದ `Area2D` ಬಳಸಲಿಲ್ಲ. ಏನೇನು ತಗಲಿದೆ ಎಂಬ ಅದರ ಪಟ್ಟಿ ಫಿಸಿಕ್ಸ್ ಹೆಜ್ಜೆಗೊಮ್ಮೆ ಮಾತ್ರ ಹೊಸದಾಗುತ್ತದೆ, ಚೌಕ ಸರಿಸಿದ ಕೂಡಲೇ ಅಲ್ಲ. 3 ಫ್ರೇಮಿನ ಏಟಿಗೆ ಒಂದು ಫ್ರೇಮ್ ತಡವೂ ದುಬಾರಿ. `_physics_process` ಒಳಗೆ ನಾನೇ ಎಣಿಸಿ `Rect2` ಹೋಲಿಸುತ್ತೇನೆ:

```
if not has_hit and frame >= 7 and frame <= 9:
    for h in foe.hurtboxes:
        if hitbox.intersects(h):
            has_hit = true
```

`has_hit` ಇಲ್ಲದಿದ್ದರೆ ಒಂದೇ ಒದೆತ ಮೂರು ಸಲ ತಗಲುತ್ತದೆ. ಇಬ್ಬರಿಗೂ ಈ ಪರೀಕ್ಷೆ ಮುಗಿದ ಮೇಲೆಯೇ ಏಟಿನ ಫಲ ಹಚ್ಚಬೇಕು. ಇಲ್ಲವಾದರೆ ಇಬ್ಬರ ಏಟೂ ಒಂದೇ ಫ್ರೇಮಿಗೆ ತಗಲಿದಾಗ ಯಾವಾಗಲೂ ಮೊದಲ ಆಟಗಾರನೇ ಗೆಲ್ಲುತ್ತಾನೆ.