ಕೊಡವ ತಕ್ಕ್‌ಗೆ ಬೀಸ್ಟ್‌ನಲ್ಲಿ ಮರ ಕಟ್ಟಿದ್ದು: ನನ್ನ ಅನುಭವ

ದ್ರಾವಿಡ ಭಾಷಾವಿಜ್ಞಾನಿಗಳಾದ ಎಮನೋ, ಭದ್ರಿರಾಜು ಕೃಷ್ಣಮೂರ್ತಿ ಇಬ್ಬರೂ ಕೊಡವ ಭಾಷೆಯನ್ನು ಕನ್ನಡಕ್ಕಿಂತ ತಮಿಳು-ಮಲಯಾಳದ ಕಡೆಗೆ ಇಡುತ್ತಾರೆ. ಪದಪಟ್ಟಿಯಿಂದ ಭಾಷೆಗಳ ವಂಶವೃಕ್ಷ ಕಟ್ಟುವ ಬೀಸ್ಟ್ ಪ್ರೋಗ್ರಾಂನಲ್ಲಿ ನಾನು ಕಟ್ಟಿದ ಮೊದಲ ಮರಗಳಲ್ಲಿ ಅದು ಕನ್ನಡಕ್ಕೆ ಅಂಟಿಕೊಂಡು ಕೂತಿತ್ತು, ಅದೂ 0.9ರ ಆಸುಪಾಸಿನ ಪೋಸ್ಟೀರಿಯರ್ ಸಂಭವನೀಯತೆ ಜೊತೆ. ಪರಿಚಯದ ಮೇಷ್ಟ್ರೊಬ್ಬರು ನೋಡಿ ನಕ್ಕರು. "ಪದ ಎಣಿಸಿ ಮರ ಕಟ್ಟಬಾರದು ಕಣಯ್ಯಾ, ಒಟ್ಟಿಗೆ ಆದ ಹೊಸ ಬದಲಾವಣೆ ಹುಡುಕು" ಅಂದರು. ಈಗ ಅದೇ ಪದ ಎಣಿಸುವ ವಿಧಾನದಲ್ಲಿ ಕೊಡವ ಎಮನೋ, ಕೃಷ್ಣಮೂರ್ತಿ ಹೇಳಿದ ಜಾಗಕ್ಕೇ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ತೊಂದರೆ ಬುಡದ್ದು. ದಕ್ಷಿಣದ ಏಳೆಂಟು ಭಾಷೆ ಮಾತ್ರ ಹಾಕಿದ್ದೆ. ಹೊರಗಿನ ಭಾಷೆ ಇಲ್ಲದಿದ್ದರೆ ಬುಡ ಎಲ್ಲಿ ಅನ್ನುವುದನ್ನು ಬದಲಾವಣೆಯ ವೇಗ ಲೆಕ್ಕ ಹಾಕುವ ಕ್ಲಾಕ್ ಒಂದೇ ತೀರ್ಮಾನಿಸಬೇಕು. ಆಗ ಯಾವುದು ಹಳೆಯದರ ಉಳಿಕೆ, ಯಾವುದು ಹೊಸದು ಅನ್ನುವುದು ಮಾಡೆಲ್‌ಗೆ ಸರಿಯಾಗಿ ಗೊತ್ತಾಗುವುದಿಲ್ಲ. 2018ರಲ್ಲಿ ಕೋಲಿಪಾಕಂ ಮತ್ತು ಜೊತೆಗಾರರು 20 ದ್ರಾವಿಡ ಭಾಷೆಗಳ, ತಲಾ 100 ಪರಿಕಲ್ಪನೆಗಳ ಡೇಟಾ ಕೊಟ್ಟಿದ್ದಾರಲ್ವಾ? ಅದರಿಂದ ತೆಲುಗು, ಗೋಂಡಿ, ಕುಡುಖ್, ಬ್ರಾಹುಯಿ ತಂದು ಸೇರಿಸಿದೆ. ಬುಡ ಸರಿಹೋಯಿತು, ಆದರೆ ಕೊಡವ ಜಗ್ಗಲಿಲ್ಲ.

ಕಾರಣ ನನ್ನ ಪಟ್ಟಿಯಲ್ಲೇ ಇತ್ತು. ಮಡಿಕೇರಿಯಲ್ಲಿ ಕನ್ನಡದಲ್ಲಿ "ಬೆಂಕಿಗೆ ಏನಂತೀರಾ?" ಎಂದು ಕೇಳಿದರೆ ಪೇಟೆಯ ಹುಡುಗರು "ಬೆಂಕಿ" ಅಂತಲೇ ಹೇಳುತ್ತಿದ್ದರು. ವಿರಾಜಪೇಟೆ ಕಡೆಯ ಒಂದು ಮನೆಯಲ್ಲಿ ಏನೂ ಹೇಳದೆ ಒಲೆ ತೋರಿಸಿದೆ. ಅಜ್ಜಿ "ತಿತ್ತ್" ಅಂದರು. ಮಲಯಾಳದ ತೀ ಬೇರಿನದ್ದೇ. ಆಮೇಲೆ ಸಾಲು ಹೀಗಾಯಿತು, ಆ ಬೇರಿನ ಪದ ಇದ್ದರೆ 1, ಇಲ್ಲದಿದ್ದರೆ 0:

```
           ti  benki  neruppu
Tamil      1   0      1
Malayalam  1   0      0
Kodava     1   0      0
Kannada    0   1      0
```

ಹೀಗೆ ಕೈಗೆ ಸಿಗುವುದನ್ನು, ಆಗುವುದನ್ನು ತೋರಿಸಿ ಇಡೀ ಪಟ್ಟಿ ಮತ್ತೆ ಕೇಳಿದೆ. ಹತ್ತು ಹನ್ನೆರಡು ಸಾಲು ಬದಲಾದವು. ದುಡ್ಡು ಹೋಗಿದ್ದು ಇಲ್ಲೇ: ಬಂದವರಿಗೆ ದಿನಗೂಲಿ, ಜೀಪು, ಊಟ ಎಲ್ಲ ಸೇರಿ ಹೆಚ್ಚುಕಮ್ಮಿ ನಲವತ್ತು ಸಾವಿರ. ಕಾಫಿ ಕೊಯ್ಲಿನಲ್ಲಿ ಹೋದರೆ ಯಾರೂ ಸಿಗುವುದಿಲ್ಲ, ಸಿಕ್ಕರೂ ಕೂಲಿ ಜಾಸ್ತಿ.

ಎರವಲು ಹಿಡಿಯಲು ಎಲ್ಲರೂ ಹ-ಕಾರ ನೋಡುತ್ತಾರೆ. ಕೊಡವದಲ್ಲಿ ಹಳೆಯ ಪ ಉಳಿದಿದೆ, ಹಾಗಾಗಿ ಅದರ ಜಾಗದಲ್ಲಿ ಹ ಬಂದರೆ ಕನ್ನಡದ್ದು. ಇದು ಸರಿ, ಆದರೆ ಅಷ್ಟು ಉಪಯೋಗವಿಲ್ಲ. ಹಾಲು, ಪಾಲ್ ಎರಡಕ್ಕೂ ಒಂದೇ ಬೇರು. ಯಾವುದನ್ನು ಹಾಕಿದರೂ ಅಂಕಿ 1. ಕೆಡಿಸುವುದು "ಬೆಂಕಿ"ಯಂಥ ಬೇರೆ ಬೇರಿನ ಪದ, ಅದರಲ್ಲಿ ಹ ಇಲ್ಲವೇ ಇಲ್ಲ. ಕನ್ನಡದಲ್ಲೂ ಪ ಇದ್ದ ಕಾಲದಲ್ಲಿ ಬಂದ ಎರವಲಂತೂ ಈ ಜರಡಿಗೆ ಸಿಗುವುದೇ ಇಲ್ಲ. ಅವನ್ನು ಹಿಡಿಯಲು ನನ್ನದೇ ಒಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಾಡೆಲ್ ಕೋವೇರಿಯನ್, ಅಂದರೆ ಒಂದು ಬೇರು ಒಮ್ಮೆ ಬೇಗ, ಒಮ್ಮೆ ನಿಧಾನ ಬದಲಾಗಬಹುದು. ಕ್ಲಾಕ್ ರಿಲ್ಯಾಕ್ಸ್ಡ್, ಅಂದರೆ ಕೊಂಬೆ ಕೊಂಬೆಗೆ ವೇಗ ಬೇರೆ ಇರಬಹುದು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಸ್ಟೇಟ್ ಫೈಲ್ ಉಳಿದಿದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು:

```
beast -resume kodagu.xml
```

ಓಟದ ಫಲಿತಾಂಶ ನೋಡುವ ಟ್ರೇಸರ್‌ನಲ್ಲಿ ಇಎಸ್‌ಎಸ್, ಅಂದರೆ ಸ್ವತಂತ್ರ ಮಾದರಿಗಳ ಲೆಕ್ಕ, 200 ದಾಟಿತು ಅಂತ ಸುಮ್ನೆ ನಂಬಬೇಡಿ. ಬೇರೆ ಬೇರೆ ಸೀಡ್ ಕೊಟ್ಟು ಓಡಿಸಿ. ನನ್ನದು ಒಂದು ಸೀಡ್‌ನಲ್ಲಿ ಚೆನ್ನಾಗಿ ಕಾಣುತ್ತಿತ್ತು, ಇನ್ನೊಂದರಲ್ಲಿ ಬೇರೆ ಮರ ಬರುತ್ತಿತ್ತು. ಚೈನ್ ಉದ್ದ ಮಾಡಿದ ಮೇಲೆ ಎಲ್ಲವೂ ಒಂದೇ ಕಡೆ ಬಂದು ನಿಂತವು: ಕೊಡವ ಕನ್ನಡ-ಬಡಗದಿಂದ ಹೊರಗೆ, ತಮಿಳು-ಮಲಯಾಳದ ಕಡೆಗೆ, ಸುಮಾರು 0.8. ನಡುವೆ ಅರೆಭಾಷೆಯನ್ನೂ ಸೇರಿಸಿ ನೋಡಿದೆ. ಕನ್ನಡದ ಪಕ್ಕ ಹೋಗಿ ಕೂತಿತು, ಅದರಲ್ಲಿ ಹೊಸ ಸುದ್ದಿ ಏನಿಲ್ಲ.

ಮೇಷ್ಟ್ರು ಒಪ್ಪಲಿಲ್ಲ. ಅವರ ತಕರಾರಿನಲ್ಲಿ ತೂಕ ಇತ್ತು. ಕನ್ನಡದ ಕಿವಿ, ತಮಿಳಿನ ಚೆವಿ ಒಂದೇ ಬೇರು, ಆದ್ದರಿಂದ ನನ್ನ ಕೋಷ್ಟಕದಲ್ಲಿ ಎರಡೂ 1. ಕ ಹೋಗಿ ಚ ಆಗಿದ್ದು, ಅಂದರೆ ಅವರ ಪಾಲಿಗೆ ಮುಖ್ಯ ಸಾಕ್ಷಿ, ನನ್ನ ಡೇಟಾದಲ್ಲಿ ಎಲ್ಲೂ ಇಲ್ಲ. ಅದಕ್ಕೆ ಧ್ವನಿ ಮತ್ತು ವ್ಯಾಕರಣದ ಬದಲಾವಣೆಗಳದ್ದೇ ಎರಡನೇ ಕೋಷ್ಟಕ ಮಾಡಿದೆ, ಇಪ್ಪತ್ತೈದರಷ್ಟು ಕಾಲಂ. ಡೋಲೋ ಮಾಡೆಲ್ ಇಲ್ಲಿ ನಡೆಯುವುದಿಲ್ಲ. ಒಂದು ಗುಣ ಒಮ್ಮೆ ಮಾತ್ರ ಹುಟ್ಟುತ್ತದೆ ಎಂದು ಅದು ಹಿಡಿಯುತ್ತದೆ. ಬೇರಿಗೆ ಅದು ಸರಿ, ಧ್ವನಿಗೆ ಅಲ್ಲ: ತೆಲುಗಿನಲ್ಲೂ ಚೆವಿ ಇದೆ, ಅದು ಬೇರೆಯಾಗಿ ಆದದ್ದು.

ಈ ಕೋಷ್ಟಕದಲ್ಲಿ ಜಗಳ ತಂದದ್ದು ಪದದ ಮೊದಲಿನ ವ ಹೋಗಿ ಬ ಆಗಿದ್ದು. ತಮಿಳಿನ ವಾ, ಕನ್ನಡದ ಬಾ. ತುಳುವಿನಲ್ಲೂ ಕೊಡವದಲ್ಲೂ ಬ-ನೇ. ಆ ಕಾಲಂ ಇಟ್ಟರೆ ಕೊಡವಕ್ಕೆ ತಮಿಳು ಕಡೆಯ ಬೆಂಬಲ 0.6ರ ಹತ್ತಿರ ಇಳಿಯುತ್ತದೆ, ತೆಗೆದರೆ ಮತ್ತೆ ಏರುತ್ತದೆ. ಇಷ್ಟು ಚಿಕ್ಕ ಕೋಷ್ಟಕದಲ್ಲಿ ಒಂದು ಕಾಲಂ ಕೂಡ ಇಷ್ಟು ಎಳೆಯುತ್ತದೆ.

"ತೆಗೆದುಬಿಡು, ಅದು ಅಕ್ಕಪಕ್ಕದಿಂದ ಹಬ್ಬಿದ್ದು" ಅಂದರು ಮೇಷ್ಟ್ರು.

"ಹಬ್ಬಿದ್ದು ಅಂತ ಹೇಗೆ ಗೊತ್ತು ಸಾರ್?"

"ಕೊಡವ ಆ ಗುಂಪಿನದ್ದಲ್ಲವಲ್ಲ, ಅದಕ್ಕೆ."

ಆ ಗುಂಪಿನದ್ದೋ ಅಲ್ಲವೋ ಅಂತಲೇ ತಾನೆ ನಾನು ಮರ ಕಟ್ಟುತ್ತಿರುವುದು! ಕೊನೆಗೆ ಎರಡೂ ಮರ ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟೆ, ಬ ಇರುವುದು ಒಂದು, ಇಲ್ಲದ್ದು ಒಂದು. ಈಗ ಬೆಟ್ಟ ಕುರುಬರ ಪಟ್ಟಿಯನ್ನೂ ಒಲೆ ತೋರಿಸಿಯೇ ಕೇಳುತ್ತಿದ್ದೇನೆ. ಕುರುಂಬ ಭಾಷೆಯನ್ನು ಕೃಷ್ಣಮೂರ್ತಿ ಕೊಡವದ ಪಕ್ಕದಲ್ಲಿ ಇಟ್ಟಿದ್ದಾರೆ. ನನ್ನ ಮರ ಇನ್ನೂ ಇಟ್ಟಿಲ್ಲ.